ಓವರ್‌ಲೋಡ್ ರಿಲೇ ಪದೇ ಪದೇ ಟ್ರಿಪ್ ಆಗುತ್ತಿದ್ದರೆ: ಡಯಲ್ ತಿರುಗಿಸುವ ಮೊದಲು ಕೇಳಬೇಕಾದ ಪ್ರಶ್ನೆಗಳು

ಹಿಟ್ಟಿನ ಗಿರಣಿ, ಬಾವಿಯ ಪಂಪು, ಮರ ಕೊಯ್ಯುವ ಯಂತ್ರ, ಎಣ್ಣೆ ಗಾಣ ಹೀಗೆ ಮೂರು ಫೇಸ್ ಮೋಟಾರು ಇರುವ ಕಡೆಗಳಿಂದ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ಮಾತಿನಿಂದ ಶುರುವಾಗುತ್ತವೆ: "ಸ್ಟಾರ್ಟರ್ ನಿಲ್ಲುತ್ತಿಲ್ಲ, ಬೀಳುತ್ತಲೇ ಇದೆ." ಹೋಗಿ ನೋಡುವ ಹೊತ್ತಿಗೆ ಯಾರೋ ಒಬ್ಬರು ರಿಲೇಯ ಡಯಲ್ ಅನ್ನು ಕೊನೆಯವರೆಗೆ ತಿರುಗಿಸಿಟ್ಟಿರುತ್ತಾರೆ. ಸುಟ್ಟ ವೈಂಡಿಂಗ್ ಬಿಚ್ಚಿ ಬಿಚ್ಚಿ ಬೇಸರವಾಗಿರುವುದರಿಂದ, ಪದೇ ಪದೇ ಉತ್ತರಿಸಿದ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಬರೆದಿದ್ದೇನೆ.

ಈ ರಿಲೇ ನಿಜವಾಗಿ ಏನನ್ನು ಅಳೆಯುತ್ತದೆ?

ಶಾಖವನ್ನು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ. ಥರ್ಮಲ್ ಓವರ್‌ಲೋಡ್ ರಿಲೇಯೊಳಗೆ ಮೂರು ಫೇಸ್‌ಗಳಿಗೆ ಮೂರು ಪಟ್ಟಿಗಳಿರುತ್ತವೆ. ಪ್ರತಿಯೊಂದೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದು ಮಾಡಿದ ಪಟ್ಟಿ. ಮೋಟಾರಿಗೆ ಹೋಗುವ ಕರೆಂಟ್ ಈ ಪಟ್ಟಿಗಳನ್ನು ಬಿಸಿ ಮಾಡುತ್ತದೆ, ಬಿಸಿಯಾದ ಪಟ್ಟಿ ಬಾಗುತ್ತದೆ, ಬಾಗಿದ ಪಟ್ಟಿ ಒಂದು ಸಣ್ಣ ಸರಳನ್ನು ತಳ್ಳುತ್ತದೆ. ಸಾಕಷ್ಟು ತಳ್ಳಿದಾಗ 95 ಮತ್ತು 96 ಎಂದು ಗುರುತು ಹಾಕಿದ ಸಂಪರ್ಕ ಬಿಟ್ಟುಕೊಳ್ಳುತ್ತದೆ. ಮೋಟಾರಿಗೆ ವಿದ್ಯುತ್ ಹರಿಸುವ ಸ್ವಿಚ್ಚಾದ ಕಾಂಟ್ಯಾಕ್ಟರಿನ ಕಾಯಿಲ್‌ಗೆ ವಿದ್ಯುತ್ ತಪ್ಪಿ ಮೋಟಾರು ನಿಲ್ಲುತ್ತದೆ.

ಅಂದರೆ ರಿಲೇ ಮೋಟಾರಿನ ವೈಂಡಿಂಗ್‌ನ ಒಂದು ಪುಟ್ಟ ಪ್ರತಿರೂಪ. ಒಳಗೆ ತಾಮ್ರ ಎಷ್ಟು ಕಾಯುತ್ತಿರಬಹುದು ಎಂಬುದನ್ನು ಅದು ಹೊರಗೆ ತನ್ನ ಮೈಯಲ್ಲಿ ಅನುಭವಿಸಿ ಹೇಳುತ್ತದೆ. ಶಾರ್ಟ್ ಸರ್ಕ್ಯೂಟ್ ಆದಾಗ ತಕ್ಷಣ ಕಡಿಯುವುದು ಅದರ ಕೆಲಸವಲ್ಲ, ಅದಕ್ಕೆ ಫ್ಯೂಸ್ ಅಥವಾ ಬ್ರೇಕರ್ ಬೇಕು.

ಟ್ರಿಪ್ ಆಯಿತು. ಮೊದಲು ಏನನ್ನು ಗಮನಿಸಬೇಕು?

ಗಡಿಯಾರವನ್ನು. ಸ್ಟಾರ್ಟ್ ಗುಂಡಿ ಒತ್ತಿದ ಮೇಲೆ ಎಷ್ಟು ಹೊತ್ತಿಗೆ ಟ್ರಿಪ್ ಆಯಿತು ಎಂಬುದನ್ನು ಕೇಳಿದರೆ ಅರ್ಧ ಉತ್ತರ ಸಿಕ್ಕಂತೆ.

ರಿಲೇ ಎಷ್ಟು ಬೇಗ ಬೀಳಬೇಕು ಎಂಬುದಕ್ಕೆ ಅಂತರರಾಷ್ಟ್ರೀಯ ಮಾನದಂಡವಿದೆ. ಸಾಮಾನ್ಯವಾಗಿ ಬಳಸುವ ಕ್ಲಾಸ್ 10ರ ರಿಲೇಯನ್ನು ತೆಗೆದುಕೊಳ್ಳಿ. ಸೆಟ್ಟಿಂಗ್‌ನ 1.05 ಪಟ್ಟು ಕರೆಂಟ್ ಹರಿದರೆ ಅದು ಎರಡು ಗಂಟೆಯವರೆಗೂ ಬೀಳಬಾರದು. 1.2 ಪಟ್ಟಾದರೆ ಎರಡು ಗಂಟೆಯೊಳಗೆ ಬೀಳಲೇಬೇಕು. ಓಡಿ ಬಿಸಿಯಾಗಿರುವಾಗ 1.5 ಪಟ್ಟಾದರೆ ನಾಲ್ಕು ನಿಮಿಷದೊಳಗೆ. ಮೋಟಾರು ತಿರುಗದೆ ಸಿಕ್ಕಿಕೊಂಡು 7.2 ಪಟ್ಟು ಎಳೆದರೆ, ತಣ್ಣಗಿದ್ದ ರಿಲೇ ಕೂಡ ನಾಲ್ಕರಿಂದ ಹತ್ತು ಸೆಕೆಂಡಿನೊಳಗೆ.

ಈ ಅಂಕಿಗಳನ್ನು ತಿರುಗಿಸಿ ಓದಿ. ಗುಂಡಿ ಒತ್ತಿದ ಕೆಲವೇ ಸೆಕೆಂಡಿಗೆ ಬಿದ್ದರೆ ಮೋಟಾರು ತಿರುಗಿಯೇ ಇಲ್ಲ: ಒಂದೋ ಹೊರಡುವಾಗಲೇ ಒಂದು ಫೇಸ್ ಇಲ್ಲ, ಇಲ್ಲವೇ ಯಂತ್ರ ಹಿಡಿದುಕೊಂಡಿದೆ. ಚೆನ್ನಾಗಿ ಓಡುತ್ತಿದ್ದು ಇದ್ದಕ್ಕಿದ್ದಂತೆ ದನಿ ಬದಲಾಗಿ ಒಂದೆರಡು ನಿಮಿಷಕ್ಕೆ ಬಿದ್ದರೆ ಫೇಸ್ ಹೋಗಿರುವ ಸಂಶಯ ಬಲವಾಗುತ್ತದೆ. ಅರ್ಧ ಗಂಟೆ, ಮುಕ್ಕಾಲು ಗಂಟೆ ಓಡಿ ಬೀಳುತ್ತಿದ್ದರೆ ಕರೆಂಟ್ ಸೆಟ್ಟಿಂಗ್‌ಗಿಂತ ಸ್ವಲ್ಪವೇ ಹೆಚ್ಚಿದೆ. ಅದು ಸೆಟ್ಟಿಂಗ್ ಕಡಿಮೆಯಾಗಿರುವುದರಿಂದಲೋ ಹೊರೆ ಹೆಚ್ಚಾಗಿರುವುದರಿಂದಲೋ ಎಂಬುದನ್ನು ಅಳೆದೇ ಹೇಳಬೇಕು.

ಏನನ್ನು ಅಳೆಯಬೇಕು, ಎಲ್ಲಿ?

ಮೂರೂ ಫೇಸ್‌ಗಳ ಕರೆಂಟ್ ಅನ್ನು, ತಂತಿಯನ್ನು ಬಾಯೊಳಗೆ ಹಿಡಿದು ಅಳೆಯುವ ಟಾಂಗ್ ಟೆಸ್ಟರ್‌ನಿಂದ, ಮೋಟಾರು ಹೊರೆಯಲ್ಲಿ ಓಡುತ್ತಿರುವಾಗ. ಒಂದು ಸಲಕ್ಕೆ ಒಂದೇ ತಂತಿ ಟಾಂಗಿನ ಬಾಯೊಳಗಿರಬೇಕು, ಮೂರನ್ನೂ ಒಟ್ಟಿಗೆ ಹಿಡಿದರೆ ಸೊನ್ನೆಯ ಹತ್ತಿರ ತೋರಿಸುತ್ತದೆ. ಒಂದು ಫೇಸ್ ಮಾತ್ರ ನೋಡಿ "ಸರಿಯಿದೆ" ಎನ್ನುವುದು ನಾನು ಕಂಡಿರುವ ಅತಿ ದೊಡ್ಡ ತಪ್ಪು. ಫೇಸ್ ಹೋದ ಪ್ರಕರಣವನ್ನು ಹಿಡಿಯಲು ಮೂರೂ ಅಂಕಿಗಳು ಪಕ್ಕಪಕ್ಕದಲ್ಲಿ ಬೇಕು.

ಜೊತೆಗೆ ಆರ್, ವೈ, ಬಿ ಎಂದು ಕರೆಯುವ ಮೂರು ಫೇಸ್‌ಗಳ ನಡುವೆ, ಅಂದರೆ ಆರ್-ವೈ, ವೈ-ಬಿ, ಬಿ-ಆರ್ ಈ ಮೂರು ಜೋಡಿಗಳ ವೋಲ್ಟೇಜ್. ಆಮೇಲೆ ಮೋಟಾರಿನ ನೇಮ್‌ಪ್ಲೇಟ್ ಮೇಲಿನ ಆಂಪಿಯರ್ ಮತ್ತು ರಿಲೇಯ ಡಯಲ್ ಈಗ ನಿಂತಿರುವ ಅಂಕಿ. ಇಷ್ಟನ್ನು ಕಾಗದದ ಮೇಲೆ ಬರೆದುಕೊಂಡ ಮೇಲೆಯೇ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳಿ.

ಸ್ಟಾರ್ಟರ್ ಬಾಗಿಲು ತೆರೆದು ಓಡುತ್ತಿರುವಾಗ ಅಳೆಯುವುದು ಜೀವಕ್ಕೆ ಅಪಾಯವಿರುವ ಕೆಲಸ. ಅಭ್ಯಾಸವಿರುವ ಎಲೆಕ್ಟ್ರಿಷಿಯನ್ ಮಾತ್ರ ಮಾಡಬೇಕು. ಬಿಗಿ ಮಾಡುವುದು, ಬಿಚ್ಚುವುದು ಏನಿದ್ದರೂ ಮೈನ್ ಸ್ವಿಚ್ ಇಳಿಸಿ, ಫ್ಯೂಸ್ ಕಿತ್ತು ಕೈಯಲ್ಲೇ ಇಟ್ಟುಕೊಂಡು, ಟೆಸ್ಟರ್ ಹಿಡಿದು ನೋಡಿದ ಮೇಲೆ.

ಡಯಲ್ ಎಷ್ಟಕ್ಕೆ ಇರಬೇಕು? ಸ್ವಲ್ಪ ಹೆಚ್ಚಿಟ್ಟರೆ ಒಳ್ಳೆಯದಲ್ಲವೇ?

ಮೋಟಾರನ್ನು ನೇರವಾಗಿ ಲೈನಿಗೆ ಸೇರಿಸುವ ಡಿಒಎಲ್ ಸ್ಟಾರ್ಟರ್ ಆಗಿದ್ದರೆ ನೇಮ್‌ಪ್ಲೇಟ್‌ನಲ್ಲಿರುವ ಆಂಪಿಯರ್‌ಗೆ ಸರಿಯಾಗಿ ಇಡಬೇಕು. ಐದು ಎಚ್‌ಪಿ ಮೋಟಾರು 415 ವೋಲ್ಟ್‌ನಲ್ಲಿ ಸುಮಾರು 7.5 ಆಂಪಿಯರ್ ಎಳೆಯುತ್ತದೆ, ಹತ್ತು ಎಚ್‌ಪಿಯದ್ದು 14.5ರಿಂದ 15. ಎಚ್‌ಪಿಗೆ ಒಂದೂವರೆ ಆಂಪಿಯರ್ ಎಂಬ ಬಾಯಿಲೆಕ್ಕ ಅಂದಾಜಿಗೆ ಸಾಕು, ಸೆಟ್ಟಿಂಗ್‌ಗೆ ಸಾಲದು. ಸೆಟ್ಟಿಂಗ್‌ಗೆ ನೇಮ್‌ಪ್ಲೇಟ್ ಅಂಕಿಯೇ ಬೇಕು.

"ಸ್ವಲ್ಪ ಹೆಚ್ಚು" ಎಂಬ ಅವಕಾಶವನ್ನು ರಿಲೇ ಮಾಡಿದವರೇ ಅದರೊಳಗೆ ಇಟ್ಟಿದ್ದಾರೆ. ಮೇಲೆ ಹೇಳಿದಂತೆ ಡಯಲ್ 14.5ರಲ್ಲಿದ್ದರೆ 15.2ರವರೆಗೂ ಅದು ಸುಮ್ಮನಿರುತ್ತದೆ. ನಾವು ಅದರ ಮೇಲೆ ಇನ್ನೊಂದು ಶೇಕಡಾ ಇಪ್ಪತ್ತನ್ನು ಸೇರಿಸಿದರೆ, ಮೋಟಾರು ಗಂಟೆಗಟ್ಟಲೆ ಒಂದೂಕಾಲು ಪಟ್ಟು ಕರೆಂಟಿನಲ್ಲಿ ಓಡಿದರೂ ಯಾರಿಗೂ ಸುಳಿವು ಸಿಗುವುದಿಲ್ಲ. ತಾಮ್ರದಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗದಷ್ಟು ಏರುತ್ತದೆ. ಒಂದೂಕಾಲು ಪಟ್ಟು ಕರೆಂಟ್ ಎಂದರೆ ಒಂದೂವರೆ ಪಟ್ಟಿಗಿಂತ ಹೆಚ್ಚು ಶಾಖ.

ಸೆಟ್ಟಿಂಗ್ ತಪ್ಪಾಗಿರುವುದರಿಂದಲೇ ಟ್ರಿಪ್ ಆಗುತ್ತಿದ್ದರೆ ಗುರುತಿಸುವುದು ಸುಲಭ. ಮೂರು ಫೇಸ್‌ಗಳೂ ಸಮವಾಗಿರುತ್ತವೆ, ಮೂರೂ ನೇಮ್‌ಪ್ಲೇಟ್‌ಗಿಂತ ಕೆಳಗಿರುತ್ತವೆ, ಆದರೆ ಡಯಲ್‌ನ ಅಂಕಿ ಅದಕ್ಕಿಂತಲೂ ಕೆಳಗಿರುತ್ತದೆ. ಈ ಮೂರೂ ಒಟ್ಟಿಗೆ ಸೇರಿದಾಗ ಮಾತ್ರ ಡಯಲ್ ಏರಿಸುವ ಹಕ್ಕು ನಿಮಗಿದೆ.

ಒಂದು ವಿಷಯ ಇಲ್ಲೇ ಹೇಳಬೇಕು. ಮೋಟಾರಿಗೆ ಕೆಪಾಸಿಟರ್ ಜೋಡಿಸಿದ್ದು, ಅದು ರಿಲೇಯನ್ನು ದಾಟಿದ ಮೇಲೆ ಮೋಟಾರಿನ ತುದಿಗಳಲ್ಲೇ ಇದ್ದರೆ, ರಿಲೇಯ ಮೂಲಕ ಹರಿಯುವ ಕರೆಂಟ್ ನೇಮ್‌ಪ್ಲೇಟ್‌ಗಿಂತ ಕಡಿಮೆ ಇರುತ್ತದೆ. ಆಗ ಡಯಲ್ ಅನ್ನೂ ಅಷ್ಟು ಇಳಿಸಬೇಕು, ಇಲ್ಲವಾದರೆ ಅದು ಕಾವಲು ಬಿಟ್ಟಂತೆ.

ಸ್ಟಾರ್-ಡೆಲ್ಟಾ ಸ್ಟಾರ್ಟರ್‌ನಲ್ಲಿ ಹತ್ತು ಎಚ್‌ಪಿಗೆ 6ರಿಂದ 10 ಆಂಪಿಯರ್‌ನ ರಿಲೇ ಹಾಕಿದ್ದಾರೆ. ಚಿಕ್ಕದಾಯಿತಲ್ಲವೇ?

ಇಲ್ಲ, ಸರಿಯಾಗಿಯೇ ಇದೆ. ಬಹಳ ಜನ ಎಡವುವ ಜಾಗ ಇದು. ಮೋಟಾರನ್ನು ಮೊದಲು ಸ್ಟಾರ್ ಜೋಡಣೆಯಲ್ಲಿ ಹೊರಡಿಸಿ ಆಮೇಲೆ ಡೆಲ್ಟಾಕ್ಕೆ ಬದಲಿಸುವ ಈ ಸ್ಟಾರ್ಟರ್‌ಗಳಲ್ಲಿ ರಿಲೇಯನ್ನು ಸಾಮಾನ್ಯವಾಗಿ ಮೈನ್ ಕಾಂಟ್ಯಾಕ್ಟರಿನ ಕೆಳಗೆ, ಮೋಟಾರಿಗೆ ಹೋಗುವ ಆರು ತಂತಿಗಳಲ್ಲಿ ಮೂರರ ದಾರಿಯಲ್ಲಿ ಕೂರಿಸುತ್ತಾರೆ. ಡೆಲ್ಟಾದಲ್ಲಿ ಓಡುವಾಗ ಲೈನಿನಿಂದ ಬರುವ ಕರೆಂಟ್ ಮೈನ್ ಕಾಂಟ್ಯಾಕ್ಟರ್ ಮತ್ತು ಡೆಲ್ಟಾ ಕಾಂಟ್ಯಾಕ್ಟರ್ ಎರಡಕ್ಕೂ ಕವಲೊಡೆಯುತ್ತದೆ. ರಿಲೇಯ ಪಾಲಿಗೆ ಬರುವುದು ಒಂದು ವೈಂಡಿಂಗ್‌ನ ಕರೆಂಟ್ ಮಾತ್ರ, ಅಂದರೆ ಲೈನ್ ಕರೆಂಟಿನ 0.58 ಪಾಲು.

```
14.5 × 0.58 = 8.4
```

ಹಾಗಾಗಿ 14.5 ಆಂಪಿಯರ್‌ನ ಮೋಟಾರಿಗೆ ಡಯಲ್ 8.4ರಲ್ಲಿರಬೇಕು. ಇದನ್ನು ತಿಳಿಯದೆ "ಹತ್ತು ಎಚ್‌ಪಿಗೆ ಹದಿನೈದು ಆಂಪಿಯರ್" ಎಂದು ದೊಡ್ಡ ರಿಲೇ ತಂದು 14.5ಕ್ಕೆ ಇಟ್ಟರೆ, ಮೋಟಾರು ಲೈನಿನಿಂದ 25 ಆಂಪಿಯರ್ ಎಳೆಯುತ್ತಿದ್ದರೂ ರಿಲೇ ತನ್ನ ಮಟ್ಟಿಗೆ ಎಲ್ಲ ಸರಿಯಿದೆ ಎಂದುಕೊಂಡಿರುತ್ತದೆ. ಟ್ರಿಪ್ ಆಗುವ ತೊಂದರೆ ಅಂದಿಗೆ ನಿಲ್ಲುತ್ತದೆ. ಮೋಟಾರು ಸುಡುವುದು ಆಮೇಲೆ.

ಆದರೆ ಕೆಲವು ಪ್ಯಾನೆಲ್‌ಗಳಲ್ಲಿ ರಿಲೇ ಕವಲೊಡೆಯುವುದಕ್ಕೆ ಮೊದಲೇ, ಒಳಬರುವ ಲೈನಿನಲ್ಲೇ ಇರುತ್ತದೆ. ಅಲ್ಲಿ ಪೂರ್ತಿ 14.5 ಇಡಬೇಕು. ಯಾವುದು ಎಂಬ ಗೊಂದಲವಿದ್ದರೆ ಮೋಟಾರು ಡೆಲ್ಟಾದಲ್ಲಿ ಓಡುತ್ತಿರುವಾಗ ಮೈನ್ ಸ್ವಿಚ್‌ನಿಂದ ಬರುವ ತಂತಿಯನ್ನೂ ರಿಲೇಯಿಂದ ಹೊರಡುವ ತಂತಿಯನ್ನೂ ಅಳೆದು ನೋಡಿ. ಎರಡೂ ಒಂದೇ ಆಗಿದ್ದರೆ ರಿಲೇ ಲೈನಿನಲ್ಲಿದೆ. ಎರಡನೆಯದು ಅರ್ಧಕ್ಕಿಂತ ತುಸು ಹೆಚ್ಚಾಗಿದ್ದರೆ ವೈಂಡಿಂಗ್ ದಾರಿಯಲ್ಲಿದೆ.

ಒಂದು ಫೇಸ್ ಹೋದರೆ ಮೋಟಾರು ನಿಲ್ಲಬೇಕಲ್ಲವೇ? ಅದು ಓಡುತ್ತಲೇ ಇದೆಯಲ್ಲ?

ನಿಂತಿದ್ದ ಮೋಟಾರು ಎರಡೇ ಫೇಸ್‌ನಲ್ಲಿ ಹೊರಡುವುದಿಲ್ಲ, ಗುಂಯ್‌ಗುಟ್ಟುತ್ತಾ ನಡುಗುತ್ತದೆ, ಕೆಲವೇ ಸೆಕೆಂಡಿನಲ್ಲಿ ರಿಲೇ ಬೀಳುತ್ತದೆ. ಆದರೆ ಓಡುತ್ತಿದ್ದ ಮೋಟಾರು ಒಂದು ಫೇಸ್ ಕಳೆದುಕೊಂಡರೂ ಓಟ ಬಿಡುವುದಿಲ್ಲ. ಮೂವರು ಹೊರುತ್ತಿದ್ದ ಹೊರೆಯನ್ನು ಇಬ್ಬರು ಹೊತ್ತಂತೆ, ಉಳಿದ ಎರಡು ಲೈನುಗಳ ಕರೆಂಟ್ ಸುಮಾರು 1.73 ಪಟ್ಟಿಗೆ ಏರುತ್ತದೆ. ಡೆಲ್ಟಾ ಜೋಡಣೆಯ ಮೋಟಾರಿನಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟದು. ಉಳಿದ ಎರಡು ಲೈನುಗಳ ನಡುವೆ ನೇರವಾಗಿ ಸಿಕ್ಕಿಕೊಂಡ ಒಂದು ವೈಂಡಿಂಗ್, ಪೂರ್ತಿ ಹೊರೆಯಿದ್ದಾಗ, ತನ್ನ ಮಾಮೂಲಿ ಕರೆಂಟಿನ ಹೆಚ್ಚುಕಡಿಮೆ ಎರಡರಷ್ಟನ್ನು ಹೊರಬೇಕಾಗುತ್ತದೆ. ಬಿಚ್ಚಿದ ಮೋಟಾರಿನಲ್ಲಿ ಒಂದು ಫೇಸ್‌ನ ಸುರುಳಿಗಳು ಮಾತ್ರ ಕಪ್ಪಾಗಿ, ಉಳಿದೆರಡು ಫೇಸ್‌ನವು ಹೊಸದರಂತೆ ಹೊಳೆಯುತ್ತಿದ್ದರೆ ನಾವು ಹಿಂದೆಮುಂದೆ ನೋಡದೆ ಹೇಳುವುದು ಇದನ್ನೇ. ಸ್ಟಾರ್ ಜೋಡಣೆಯದಾಗಿದ್ದರೆ ಎರಡು ಫೇಸ್ ಸುಟ್ಟು ಒಂದು ಉಳಿದಿರುತ್ತದೆ.

ಈಗಿನ ರಿಲೇಗಳಲ್ಲಿ ಮೂರು ಪಟ್ಟಿಗಳು ಒಂದೇ ಸಮನೆ ಬಾಗದಿದ್ದರೆ ಅದನ್ನು ಗುರುತಿಸಿ ಬೇಗ ಬೀಳಿಸುವ ಏರ್ಪಾಡಿದೆ. ಆದರೂ ಅದಕ್ಕೆ ಮಿತಿಯಿದೆ. ಹೊರೆ ಅರ್ಧದಷ್ಟೇ ಇದ್ದಾಗ ಫೇಸ್ ಹೋದರೆ ಉಳಿದ ಲೈನುಗಳ ಕರೆಂಟ್ ಸೆಟ್ಟಿಂಗ್‌ನ ಆಸುಪಾಸಿಗಷ್ಟೇ ಬಂದು ನಿಲ್ಲಬಹುದು. ಆಗ ರಿಲೇ ಬೀಳಲು ಬಹಳ ಹೊತ್ತು ಹಿಡಿಯುತ್ತದೆ. ಡಯಲ್ ಅನ್ನು ಮೇಲಕ್ಕೆ ತಿರುಗಿಸಿಟ್ಟಿದ್ದರೆ ಬೀಳದೆಯೂ ಇರಬಹುದು.

ಮೀಟರ್ ಹಿಡಿದರೆ ಮೂರೂ ಕಡೆ ವೋಲ್ಟೇಜ್ ತೋರಿಸುತ್ತದೆ. ಹಾಗಿದ್ದರೆ ಫೇಸ್ ಹೋಗಿಲ್ಲ ಎನ್ನಬಹುದೇ?

ಖಂಡಿತ ಹೇಳಬಾರದು. ಎರಡು ಫೇಸ್‌ನಲ್ಲಿ ಓಡುತ್ತಿರುವ ಮೋಟಾರು, ಕಡಿದುಹೋದ ಮೂರನೆಯ ತಂತಿಯಲ್ಲಿ ತಾನೇ ವೋಲ್ಟೇಜ್ ಹುಟ್ಟಿಸುತ್ತದೆ. ಅದು ನಿಜವಾದ ವೋಲ್ಟೇಜ್‌ಗಿಂತ ಸ್ವಲ್ಪವೇ ಕಡಿಮೆಯಿರುತ್ತದೆ. ಸ್ಟಾರ್ಟರ್ ಮೇಲೆ ಮೂರು ಇಂಡಿಕೇಟರ್ ದೀಪಗಳು ಬೆಳಗುತ್ತಿದ್ದರೂ ನಂಬುವಂತಿಲ್ಲ. ಸುಳ್ಳು ಹೇಳದಿರುವುದು ಕರೆಂಟ್: ಕಡಿದ ತಂತಿಯಲ್ಲಿ ಟಾಂಗ್ ಟೆಸ್ಟರ್ ಸೊನ್ನೆ ತೋರಿಸುತ್ತದೆ.

ಎಲ್ಲಿ ಕಡಿದಿದೆ ಎಂದು ಹುಡುಕುವಾಗ ಕಂಬದ ಕಡೆಯಿಂದ ಮೋಟಾರಿನ ಕಡೆಗೆ ಬನ್ನಿ. ಟ್ರಾನ್ಸ್‌ಫಾರ್ಮರ್ ಫ್ಯೂಸ್, ಕಂಬದ ಜಂಪರ್, ಮೈನ್ ಸ್ವಿಚ್‌ನ ಕಿಟ್‌ಕ್ಯಾಟ್ ಫ್ಯೂಸ್, ಸ್ವಿಚ್‌ನ ಬ್ಲೇಡ್, ಕಾಂಟ್ಯಾಕ್ಟರಿನ ಸವೆದ ಸಂಪರ್ಕ, ಕೊನೆಗೆ ಮೋಟಾರಿನ ಟರ್ಮಿನಲ್ ಪೆಟ್ಟಿಗೆಯ ಲಗ್. ಇವುಗಳಲ್ಲಿ ಪೂರ್ತಿ ಕಡಿದುಹೋದದ್ದಕ್ಕಿಂತ ಅರ್ಧ ಹಿಡಿದುಕೊಂಡಿರುವ ಸಂಪರ್ಕವೇ ಹೆಚ್ಚು ಕಾಡುತ್ತದೆ, ಏಕೆಂದರೆ ನಾವು ಹೋಗಿ ನೋಡುವ ಹೊತ್ತಿಗೆ ಅದು ತಣ್ಣಗಾಗಿ ಸರಿಯಾಗಿರುತ್ತದೆ. ಲೈನ್ ವೋಲ್ಟೇಜ್‌ಗಳ ನಡುವೆ ಶೇಕಡಾ ಒಂದರಷ್ಟು ಏರುಪೇರಾದರೆ ಕರೆಂಟಿನಲ್ಲಿ ಆರರಿಂದ ಹತ್ತು ಪಟ್ಟು ಏರುಪೇರು ಕಾಣಿಸುತ್ತದೆ. ಆದ್ದರಿಂದ ವೋಲ್ಟೇಜ್‌ನ ಸಣ್ಣ ವ್ಯತ್ಯಾಸವನ್ನೂ ಬರೆದುಕೊಳ್ಳಿ.

ಮೂರೂ ಸಮ, ಮೂರೂ ಹೆಚ್ಚು. ಇದು ಯಂತ್ರದ ಹೊರೆಯೇ ಎಂದು ಹೇಗೆ ಖಚಿತಪಡಿಸಿಕೊಳ್ಳುವುದು?

ಬೆಲ್ಟ್ ಕಳಚಿ. ಕಪ್ಲಿಂಗ್ ಇದ್ದರೆ ಅದನ್ನು ಬಿಚ್ಚಿ ಮೋಟಾರನ್ನು ಒಂಟಿಯಾಗಿ ಓಡಿಸಿ. ಹತ್ತು ಎಚ್‌ಪಿಯ ನಾಲ್ಕು ಪೋಲ್ ಮೋಟಾರು ಖಾಲಿ ಓಡುವಾಗ ಪೂರ್ತಿ ಹೊರೆಯ ಕರೆಂಟಿನ ಶೇಕಡಾ 35ರಿಂದ 45ರಷ್ಟನ್ನು ಎಳೆಯುವುದು ಸಹಜ. ಅಷ್ಟೇ ಇದ್ದರೆ ದೋಷ ಮೋಟಾರಿನದ್ದಲ್ಲ. ಖಾಲಿ ಓಟದಲ್ಲೇ ಮುಕ್ಕಾಲು ಪಾಲು ಎಳೆಯುತ್ತಿದ್ದರೆ ಅದು ಹಿಂದೆ ರೀವೈಂಡಿಂಗ್ ಆಗಿದೆಯೇ ಎಂದು ಕೇಳಿ. ಸುತ್ತುಗಳ ಸಂಖ್ಯೆ ಕಡಿಮೆ ಹಾಕಿ ಸುತ್ತಿದ ಮೋಟಾರು ಹೀಗೆಯೇ ವರ್ತಿಸುತ್ತದೆ, ಅದಕ್ಕೆ ಡಯಲ್‌ನಲ್ಲಿ ಮದ್ದಿಲ್ಲ.

ಇನ್ನೆರಡು ಸಂಗತಿಗಳು ಯಂತ್ರದ ಹೊರೆಯ ವೇಷ ಹಾಕಿಕೊಂಡು ಬರುತ್ತವೆ. ಒಂದು, ಮೂರೂ ಜೋಡಿಗಳಲ್ಲಿ ಸಮನಾಗಿ ಕುಸಿದ ವೋಲ್ಟೇಜ್. ಅದೇ ಕೆಲಸವನ್ನು 415ರ ಬದಲು 360 ವೋಲ್ಟ್‌ನಲ್ಲಿ ಮಾಡಲು ಮೋಟಾರು ಸುಮಾರು ಶೇಕಡಾ 15 ಹೆಚ್ಚು ಕರೆಂಟ್ ಎಳೆಯುತ್ತದೆ. ಸಂಜೆ ಹೊತ್ತು ಮಾತ್ರ ಟ್ರಿಪ್ ಆಗುತ್ತಿದ್ದರೆ ಮೊದಲು ಇದನ್ನು ನೋಡಿ. ಇನ್ನೊಂದು, ಸ್ಟಾರ್-ಡೆಲ್ಟಾದಲ್ಲಿ ಟೈಮರ್ ಕೆಟ್ಟು ಮೋಟಾರು ಸ್ಟಾರ್‌ನಲ್ಲೇ ಉಳಿದುಬಿಡುವುದು. ಖಾಲಿಯಿದ್ದಾಗ ಚೆನ್ನಾಗಿ ಓಡುತ್ತದೆ, ಹೊರೆ ಬಿದ್ದೊಡನೆ ವೇಗ ಕುಗ್ಗಿ ಟ್ರಿಪ್ ಆಗುತ್ತದೆ. ಡೆಲ್ಟಾ ಕಾಂಟ್ಯಾಕ್ಟರ್ ಎಳೆದುಕೊಳ್ಳುವ ಟಕ್ ಎಂಬ ಸದ್ದಿಗೆ ಕಿವಿಗೊಡಿ.

ಬೇರಿಂಗ್ ಬಗ್ಗೆ ಒಂದು ಎಚ್ಚರಿಕೆ. ಖಾಲಿ ಓಟದ ಕರೆಂಟ್ ಬಹುಪಾಲು ಮೋಟಾರಿನ ಕಾಂತಕ್ಷೇತ್ರಕ್ಕೆ ಹೋಗುವಂಥದ್ದು. ಬೇರಿಂಗ್ ಅರ್ಧ ಕೆಟ್ಟಿದ್ದರೂ ಅದರಲ್ಲಿ ಹೆಚ್ಚಿನ ಬದಲಾವಣೆ ಕಾಣುವುದಿಲ್ಲ. ಬೇರಿಂಗ್ ಅನ್ನು ಟಾಂಗ್ ಟೆಸ್ಟರ್‌ನಿಂದ ಹುಡುಕಬೇಡಿ. ಮೈನ್ ಇಳಿಸಿ, ಶಾಫ್ಟ್ ಅನ್ನು ಕೈಯಲ್ಲಿ ತಿರುಗಿಸಿ ನೋಡಿ.

ಒಂದು ನಿಜವಾದ ಪ್ರಕರಣ ಹೇಳಬಹುದೇ?

ಒಂದೇ ಹಿಟ್ಟಿನ ಗಿರಣಿಯಲ್ಲಿ ತಪ್ಪು ಸೆಟ್ಟಿಂಗ್, ಫೇಸ್ ಹೋಗುವುದು, ಯಂತ್ರದ ಹೊರೆ ಈ ಮೂರನ್ನೂ ಕಂಡದ್ದನ್ನು ಹೇಳುತ್ತೇನೆ. ಹತ್ತು ಎಚ್‌ಪಿ ಮೋಟಾರು, ನೇಮ್‌ಪ್ಲೇಟ್‌ನಲ್ಲಿ 14.5 ಆಂಪಿಯರ್, ಸ್ಟಾರ್-ಡೆಲ್ಟಾ ಸ್ಟಾರ್ಟರ್, ವೈಂಡಿಂಗ್ ದಾರಿಯಲ್ಲಿ 6ರಿಂದ 10ರ ರಿಲೇ. ಮೂರು ವಾರದಿಂದ ದಿನಕ್ಕೆ ಮೂರು ನಾಲ್ಕು ಸಲ ಟ್ರಿಪ್ ಆಗುತ್ತಿತ್ತು. ನಾನು ಹೋಗುವಷ್ಟರಲ್ಲಿ ಡಯಲ್ 10ಕ್ಕೆ ಏರಿತ್ತು.

ರಾಗಿ ಬೀಸುತ್ತಿರುವಾಗ ಒಳಬರುವ ಲೈನಿನಲ್ಲಿ ಅಳೆದೆ: 13.6, 13.4, 13.9. ವೋಲ್ಟೇಜ್ ಮೂರೂ ಕಡೆ 405ರ ಸುತ್ತ. ಏನೂ ದೋಷವಿಲ್ಲ. ಗಿರಣಿಯ ಯಜಮಾನರು, "ನೀವು ಬಂದಾಗ ಮಾತ್ರ ಸರಿಯಿರುತ್ತದೆ ನೋಡಿ ಸಾರ್" ಎಂದರು. ಅಲ್ಲೇ ಕುಳಿತೆ. ಮುಕ್ಕಾಲು ಗಂಟೆಯ ನಂತರ ಅಳೆದಾಗ ಅಂಕಿಗಳು ಬೇರೆಯಾಗಿದ್ದವು: 16.5, 11.5, 15.2. ವೋಲ್ಟೇಜ್ 396, 388, 408. ವೈ ಫೇಸ್ ಸೋಲುತ್ತಿತ್ತು. ಇನ್ನೂ ಸ್ವಲ್ಪ ಹೊತ್ತಿಗೆ ಮೋಟಾರಿನ ದನಿ ದಪ್ಪವಾಯಿತು, ವೈ ಫೇಸ್ ಸೊನ್ನೆಗಿಳಿಯಿತು, ಉಳಿದೆರಡು 24 ದಾಟಿದವು. ಕಾಳು ಬೀಳುವುದನ್ನು ನಿಲ್ಲಿಸಿ ಎಂದು ಕೂಗಿ ಸ್ಟಾಪ್ ಗುಂಡಿ ಒತ್ತಿದೆ.

ಮೈನ್ ಸ್ವಿಚ್ ಇಳಿಸಿ ಕಿಟ್‌ಕ್ಯಾಟ್ ಫ್ಯೂಸ್‌ಗಳನ್ನು ಕಿತ್ತಾಗ ವೈ ಫೇಸ್‌ನದ್ದರ ಹಿತ್ತಾಳೆ ನಾಲಗೆ ನೀಲಿಗಟ್ಟಿತ್ತು, ಅದನ್ನು ಹಿಡಿಯುವ ತುಟಿ ಸಡಿಲವಾಗಿತ್ತು. ತಣ್ಣಗಿದ್ದಾಗ ಕಚ್ಚಿಕೊಳ್ಳುತ್ತಿತ್ತು, ಬಿಸಿಯಾದಾಗ ಬಿಡುತ್ತಿತ್ತು. ಮೂರೂ ಫ್ಯೂಸ್ ನೆಲೆಗಳನ್ನು ಬದಲಿಸಿ, ಡಯಲ್ ಅನ್ನು 8.4ಕ್ಕೆ ಇಳಿಸಿ ಬಂದೆ. ಮೂರು ವಾರ ರಿಲೇ ಸರಿಯಾಗಿಯೇ ಕೂಗುತ್ತಿತ್ತು, ಡಯಲ್ ಏರಿಸಿದ್ದರಿಂದ ಆ ಕೂಗು ತಡವಾಗಿ ಕೇಳಿಸುವಂತಾಗಿತ್ತು, ಅಷ್ಟೇ.

ಹತ್ತು ದಿನಕ್ಕೆ ಮತ್ತೆ ಕರೆ. ಈ ಸಲ ಅರ್ಧ ಗಂಟೆಗೊಮ್ಮೆ ಬೀಳುತ್ತಿದೆ, ಡಯಲ್ ಇಳಿಸಿದ್ದೇ ತಪ್ಪು ಎಂಬ ದೂರು. ಅಳೆದೆ: 17.8, 17.5, 17.9. ಸಮವಾಗಿವೆ, ಆದರೆ ನೇಮ್‌ಪ್ಲೇಟ್‌ನ 1.23 ಪಟ್ಟು. ವೋಲ್ಟೇಜ್ ಚೆನ್ನಾಗಿತ್ತು. ಬೆಲ್ಟ್ ಕಳಚಿದಾಗ 5.8. ಬೆಲ್ಟ್ ಹಾಕಿ, ಕಲ್ಲುಗಳನ್ನು ಅಗಲಿಸಿ, ಕಾಳು ಬಿಡದೆ ಓಡಿಸಿದಾಗ 6.2. ಅಲ್ಲಿಗೆ ಮೋಟಾರು, ಬೆಲ್ಟ್, ಬೇರಿಂಗ್ ಇವುಗಳ ಮೇಲಿನ ಅನುಮಾನ ತಗ್ಗಿತು. ಹೊರೆ ಹುಟ್ಟುತ್ತಿದ್ದದ್ದು ಬೀಸುವ ಜಾಗದಲ್ಲಿ. ಹಿಟ್ಟನ್ನು ಮುಟ್ಟಿ ನೋಡಿದರೆ ಕೈ ಸುಡುವಷ್ಟು ಬಿಸಿ. ಕಲ್ಲುಗಳ ಕಚ್ಚು ಸವೆದು ನುಣುಪಾಗಿತ್ತು. ಹಿಟ್ಟು ನುಣ್ಣಗೆ ಬರಲಿ ಎಂದು ಹೊಸ ಹುಡುಗ ಚಕ್ರ ತಿರುಗಿಸಿ ಕಲ್ಲುಗಳನ್ನು ಬಿಗಿ ಮಾಡುತ್ತಾ ಹೋಗಿದ್ದ, ಸಾಲು ಬೇಗ ಕರಗಲಿ ಎಂದು ಕಾಳಿನ ಬಾಯನ್ನೂ ಹೆಚ್ಚು ತೆರೆದಿದ್ದ. ಕಲ್ಲಿಗೆ ಹೊಸದಾಗಿ ಕಚ್ಚು ಹಾಕಿಸಿ, ಕಾಳಿನ ಬಾಯಿ ಕಿರಿದು ಮಾಡಿದ ಮೇಲೆ ಕರೆಂಟ್ 13.8ಕ್ಕೆ ಬಂದು ನಿಂತಿತು. ಡಯಲ್ 8.4ರಲ್ಲೇ ಇದೆ.

ಪಂಪಿನ ಮೋಟಾರಿಗೂ ಇದೇ ಕ್ರಮವೇ?

ಕ್ರಮ ಅದೇ, ಆದರೆ ಹೊರೆ ಹೆಚ್ಚುವ ಬಗೆ ಜನ ಎಣಿಸಿದಂತಿಲ್ಲ. ಬಾವಿಯ ಮಾಮೂಲಿ ಸೆಂಟ್ರಿಫ್ಯೂಗಲ್ ಪಂಪು ವಾಲ್ವ್ ಮುಚ್ಚಿದಾಗ ಕಡಿಮೆ ಕರೆಂಟ್ ಎಳೆಯುತ್ತದೆ, ಪೂರ್ತಿ ತೆರೆದು ಧಾರಾಳವಾಗಿ ನೀರು ಸುರಿಯುವಾಗ ಹೆಚ್ಚು ಎಳೆಯುತ್ತದೆ. ದೂರದ ತೋಟಕ್ಕೆ ನೀರೆತ್ತುತ್ತಿದ್ದ ಪಂಪಿನ ಪೈಪ್ ಮಧ್ಯದಲ್ಲಿ ಒಡೆದರೂ, ಅಥವಾ ಪೈಪನ್ನು ಕಳಚಿ ಪಕ್ಕದ ಹೊಂಡಕ್ಕೆ ಬಿಟ್ಟರೂ ರಿಲೇ ಬೀಳಬಹುದು. ವಾಲ್ವ್ ಅನ್ನು ಸ್ವಲ್ಪ ಮುಚ್ಚಿ ನೋಡಿ. ಕರೆಂಟ್ ಇಳಿದರೆ ಕಾರಣ ಸಿಕ್ಕಿತು. ಇಳಿಯದಿದ್ದರೆ ಮರಳು ಸೇರಿ ಇಂಪೆಲ್ಲರ್ ಉಜ್ಜುತ್ತಿರಬಹುದು.

ಕೊಳವೆಬಾವಿಯ ಸಬ್‌ಮರ್ಸಿಬಲ್ ಮೋಟಾರಿಗೆ ಬೇಗ ಬೀಳುವ ಕ್ಲಾಸ್‌ನ ರಿಲೇಯೇ ಬೇಕು. ಅದರ ಸಣಕಲು ಮೈ ಬಹಳ ಬೇಗ ಕಾಯುತ್ತದೆ.

ಕರೆಂಟ್ ಸರಿ, ಸೆಟ್ಟಿಂಗ್ ಸರಿ, ಮೂರೂ ಫೇಸ್ ಸಮ. ಆದರೂ ಬೀಳುತ್ತಿದೆ. ಏಕೆ?

ಶಾಖ ಬೇರೆ ಕಡೆಯಿಂದ ಬರುತ್ತಿದೆ. ರಿಲೇಯ ಟರ್ಮಿನಲ್ ಸ್ಕ್ರೂ ಸಡಿಲವಾಗಿದ್ದರೆ ಆ ಜಾಗ ಕಾದು, ಆ ಬಿಸಿ ನೇರವಾಗಿ ಪಟ್ಟಿಗೆ ಹರಿಯುತ್ತದೆ. ರಿಲೇಗೆ ಅದು ಹೆಚ್ಚಿನ ಕರೆಂಟ್ ಇದ್ದಂತೆಯೇ. ಮೈನ್ ಇಳಿಸಿದ ಮೇಲೆ ಆರೂ ಸ್ಕ್ರೂಗಳನ್ನು ನೋಡಿ. ತಂತಿಯ ಹೊದಿಕೆ ಒಂದೇ ಕಡೆ ಕಂದುಬಣ್ಣಕ್ಕೆ ತಿರುಗಿದ್ದರೆ ಅಲ್ಲೇ ಕಾರಣ. ತೆಳ್ಳಗಿನ ತಂತಿ ಬಳಸಿದ್ದರೂ ಹೀಗಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಪೆಟ್ಟಿಗೆಯೊಳಗಿರುವ ಸ್ಟಾರ್ಟರ್‌ಗೆ ನೆರಳು ಮಾಡಿಕೊಡಿ. ಗಂಟೆಗೆ ಹತ್ತಾರು ಸಲ ನಿಲ್ಲಿಸಿ ಓಡಿಸುವ ಯಂತ್ರವಾಗಿದ್ದರೆ, ಪ್ರತಿ ಆರಂಭದ ಬಿಸಿ ಆರುವ ಮೊದಲೇ ಮುಂದಿನದು ಸೇರಿಕೊಳ್ಳುತ್ತದೆ ಎಂಬುದನ್ನೂ ನೆನಪಿಡಿ.

ಟ್ರಿಪ್ ಆದೊಡನೆ ರೀಸೆಟ್ ಒತ್ತಿ ಓಡಿಸಬಹುದೇ? ಆಟೋದಲ್ಲಿ ಇಟ್ಟರೆ?

ಒಂದೆರಡು ನಿಮಿಷದಲ್ಲಿ ರಿಲೇ ತಣ್ಣಗಾಗುತ್ತದೆ, ಮೋಟಾರು ಆಗುವುದಿಲ್ಲ. ಸಣ್ಣ ಪಟ್ಟಿ ಬೇಗ ಆರುತ್ತದೆ, ಕಬ್ಬಿಣ ತಾಮ್ರದ ಆ ದೊಡ್ಡ ಮೈ ಆರಲು ಬಹಳ ಹೊತ್ತು ಬೇಕು. ಐದಾರು ಸಲ ಬೆನ್ನುಬೆನ್ನಿಗೆ ರೀಸೆಟ್ ಮಾಡಿದರೆ ಪ್ರತಿ ಸಲವೂ ವೈಂಡಿಂಗ್ ಹಿಂದಿನದಕ್ಕಿಂತ ಹೆಚ್ಚು ಬಿಸಿಯಿಂದ ಹೊರಡುತ್ತದೆ, ರಿಲೇ ಮಾತ್ರ ಹೊಸದಾಗಿ ಎಣಿಕೆ ಶುರುಮಾಡುತ್ತದೆ. ಒಂದು ಸಲ ರೀಸೆಟ್ ಮಾಡುವುದು ಅಳೆಯುವುದಕ್ಕಾಗಿ. ಮೋಟಾರಿನ ಮೈ ಮುಟ್ಟಲಾಗದಷ್ಟು ಕಾದಿದ್ದರೆ ಅದೂ ಬೇಡ.

ಫ್ಲೋಟ್ ಸ್ವಿಚ್ ಅಥವಾ ಟೈಮರ್‌ನಿಂದ ತಾನಾಗಿ ಓಡುವ ಮೋಟಾರಿನ ರಿಲೇಯನ್ನು ಆಟೋದಲ್ಲಿ ಇಡಲೇಬೇಡಿ. ದೋಷ ಹಾಗೇ ಇರುವಾಗ ಅದು ಯಾರೂ ಇಲ್ಲದ ವೇಳೆ ಮತ್ತೆ ಮತ್ತೆ ಹೊರಡುತ್ತದೆ. ಬೆಲ್ಟಿಗೆ ಕೈ ಹಾಕಿರುವವರಿಗೂ ಅದು ಹೇಳಿಕೇಳಿ ಹೊರಡುವುದಿಲ್ಲ.

ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸಿದ್ದೇವೆ. ಇನ್ನು ಫೇಸ್ ಹೋಗುವ ಚಿಂತೆ ಇಲ್ಲವಲ್ಲ?

ಅದು ಯಾವ ಬಗೆಯದು ಎಂಬುದನ್ನು ಅವಲಂಬಿಸಿದೆ. ವೋಲ್ಟೇಜ್ ನೋಡುವ ಪ್ರಿವೆಂಟರ್ ತನಗಿಂತ ಹಿಂದೆ, ಕಂಬದ ಕಡೆ ಆದ ದೋಷವನ್ನು ಹಿಡಿಯುತ್ತದೆ. ತನ್ನ ಮುಂದೆ ಕಾಂಟ್ಯಾಕ್ಟರಿನ ಒಂದು ಸಂಪರ್ಕ ಸುಟ್ಟರೆ ಅಥವಾ ಮೋಟಾರಿನ ಲಗ್ ಕಳಚಿದರೆ ಅದಕ್ಕೆ ಗೊತ್ತಾಗುವುದಿಲ್ಲ. ಕರೆಂಟ್ ನೋಡುವ ಬಗೆಯದು ಎರಡನ್ನೂ ಹಿಡಿಯುತ್ತದೆ. ಗಿರಣಿಗಳಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಎರಡರಲ್ಲಿ ಯಾವುದಿದ್ದರೂ ಓವರ್‌ಲೋಡ್ ರಿಲೇಯನ್ನು ತೆಗೆಯುವಂತಿಲ್ಲ.

ರಿಲೇಯೇ ಕೆಟ್ಟಿದೆ ಎಂದು ಯಾವಾಗ ನಿರ್ಧರಿಸುವುದು?

ಉಳಿದೆಲ್ಲವನ್ನೂ ನೋಡಿ ಮುಗಿಸಿದ ಮೇಲೆ. ಮೂರು ಕರೆಂಟ್‌ಗಳು ಸಮವಾಗಿ, ಸೆಟ್ಟಿಂಗ್‌ಗಿಂತ ಸ್ಪಷ್ಟವಾಗಿ ಕೆಳಗಿದ್ದು, ಸ್ಕ್ರೂಗಳು ಬಿಗಿಯಾಗಿದ್ದು, ಪೆಟ್ಟಿಗೆ ತಂಪಾಗಿದ್ದರೂ ಬೀಳುತ್ತಿದ್ದರೆ ರಿಲೇ ಬದಲಿಸಿ. ಹಿಂದೆ ಶಾರ್ಟ್ ಸರ್ಕ್ಯೂಟ್‌ನ ಪೆಟ್ಟು ತಿಂದ ರಿಲೇಯ ಪಟ್ಟಿ ಸೊಟ್ಟಗಾಗಿರಬಹುದು, ಅದನ್ನು ನಂಬಬಾರದು. ಟೆಸ್ಟ್ ಗುಂಡಿ ಒತ್ತಿದಾಗ ಮೋಟಾರು ನಿಲ್ಲದಿದ್ದರೆ ಆ ಕ್ಷಣವೇ ಕೆಲಸ ನಿಲ್ಲಿಸಿ. ಯಾರೋ 95 ಮತ್ತು 96ರ ನಡುವೆ ತಂತಿ ತುಂಡು ಸೇರಿಸಿ ರಿಲೇಯನ್ನು ದಾಟಿಸಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ.

ಹೊಸದನ್ನು ಕೂರಿಸಿದ ದಿನ ನೇಮ್‌ಪ್ಲೇಟ್ ಆಂಪಿಯರ್, ಡಯಲ್‌ನ ಅಂಕಿ, ಖಾಲಿ ಓಟದ ಮತ್ತು ಹೊರೆಯ ಮೂರು ಮೂರು ಕರೆಂಟ್‌ಗಳನ್ನು ಒಂದು ಚೀಟಿಯಲ್ಲಿ ಬರೆದು ಸ್ಟಾರ್ಟರ್ ಬಾಗಿಲಿನ ಒಳಗೆ ಅಂಟಿಸಿ, ತಾರೀಕು ಹಾಕಿ. ಮುಂದಿನ ಸಲ ಟ್ರಿಪ್ ಆದಾಗ ಟಾಂಗ್ ಟೆಸ್ಟರ್ ತೋರಿಸುವ ಅಂಕಿಯನ್ನು ಹೋಲಿಸಲು ಅದೇ ಬೇಕಾಗುತ್ತದೆ.